ಬದಿಯಡ್ಕದ ಭತ್ತ ಕಾಯುವುದು ಯಾವುದಕ್ಕೆ, ಫ್ರಿಜ್ಜಿನ ಕ್ಯಾಬೇಜ್ ಹೂ ಬಿಡದ್ದು ಯಾಕೆ?

ಪ್ರಶ್ನೆ: ಸರ್, ನಾನು ಬದಿಯಡ್ಕದ ಕಡೆಯವನು. ಬಿಎಸ್ಸಿ ಕೃಷಿ ಓದುತ್ತಿದ್ದೇನೆ. ನಮ್ಮ ಬೈಲುಗದ್ದೆಯಲ್ಲಿ ಅಜ್ಜ ಉಳಿಸಿಕೊಂಡು ಬಂದ ಒಂದು ಹಳೇ ತಳಿಯ ಭತ್ತ ಇದೆ. ಜೂನ್ ಮೊದಲಿಗೆ ಬಿತ್ತಿದರೂ ಜುಲೈಯಲ್ಲಿ ಬಿತ್ತಿದರೂ ತೆನೆ ಬರುವುದು ಅಕ್ಟೋಬರಿನಲ್ಲೇ, ಒಟ್ಟಿಗೆ. ಇದು ಫೋಟೋಪೀರಿಯಡಿಸಂ, ಅಂದರೆ ಹಗಲಿನ ಉದ್ದ ನೋಡಿ ಹೂ ಬಿಡುವ ಗುಣ ಅಂತ ಕ್ಲಾಸಿನಲ್ಲಿ ಹೇಳಿದರು. ಆದರೆ ನಮ್ಮೂರಲ್ಲಿ ವರ್ಷವಿಡೀ ಹಗಲು ಹೆಚ್ಚುಕಮ್ಮಿ ಒಂದೇ ಅಲ್ವಾ? ಗಿಡಕ್ಕೆ ಹೇಗೆ ಗೊತ್ತಾಗುತ್ತದೆ? ಇನ್ನೊಂದು, ಚಳಿ ಕೊಟ್ಟು ಹೂ ಬರಿಸುವ ವರ್ನಲೈಸೇಶನ್ ನೋಡೋಣ ಅಂತ ಕ್ಯಾಬೇಜ್ ಬೀಜವನ್ನು ಒಂದು ತಿಂಗಳು ಫ್ರಿಜ್ಜಿನಲ್ಲಿಟ್ಟು ನವೆಂಬರಿನಲ್ಲಿ ಬಿತ್ತಿದೆ. ಗಡ್ಡೆ ಕಟ್ಟಿತು, ಹೂ ಬರಲೇ ಇಲ್ಲ. ನಾನು ಎಲ್ಲಿ ತಪ್ಪಿದೆ?

ಉತ್ತರ: ಮೊದಲು ಹಗಲನ್ನು ಅಳೆದು ನೋಡೋಣ. ಕಾಸರಗೋಡು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಲೆಕ್ಕಕ್ಕೆ ಒಂದು ಸೂತ್ರ ಸಾಕು:

```
cos H = −tan φ × tan δ
ಹಗಲು (ಗಂಟೆ) = 2H / 15
```

φ ಅಂದರೆ ಅಕ್ಷಾಂಶ, δ ಅಂದರೆ ಆ ದಿನ ಸೂರ್ಯ ಭೂಮಧ್ಯರೇಖೆಯಿಂದ ಎಷ್ಟು ಡಿಗ್ರಿ ಉತ್ತರಕ್ಕೋ ದಕ್ಷಿಣಕ್ಕೋ ಇದ್ದಾನೆ ಎಂಬುದು. H ಅಂದರೆ ನಡುಮಧ್ಯಾಹ್ನದಿಂದ ಸೂರ್ಯ ಮುಳುಗುವ ತನಕ ಆಕಾಶ ತಿರುಗುವ ಕೋನ, ಅದು ಡಿಗ್ರಿಯಲ್ಲಿ ಬರುತ್ತದೆ. ಗಾಳಿಯಲ್ಲಿ ಬೆಳಕು ಬಾಗುವುದನ್ನೂ ಸೂರ್ಯಬಿಂಬದ ಗಾತ್ರವನ್ನೂ ಈ ಸೂತ್ರ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಅದಕ್ಕೆ ಏಳೆಂಟು ನಿಮಿಷ ಸೇರಿಸಿಕೊಳ್ಳಿ. ಆಗ ಜೂನ್ 21ಕ್ಕೆ ನಿಮ್ಮೂರಿನ ಹಗಲು 12 ಗಂಟೆ 52 ನಿಮಿಷ, ಡಿಸೆಂಬರ್ 22ಕ್ಕೆ 11 ಗಂಟೆ 23 ನಿಮಿಷ ಬರುತ್ತದೆ. ಒಂದೂವರೆ ಗಂಟೆಗೆ ಒಂದು ನಿಮಿಷ ಕಮ್ಮಿ. ಉತ್ತರದ ಊರುಗಳಿಗೆ ಹೋಲಿಸಿದರೆ ಇದು ಏನೂ ಅಲ್ಲ, ನಿಜ.

ಆದರೆ ನಿಮ್ಮ ಭತ್ತಕ್ಕೆ ವರ್ಷದ ಎರಡು ತುದಿಗಳು ಮುಖ್ಯವಲ್ಲ. ಅದು ಗದ್ದೆಯಲ್ಲಿ ನಿಂತಿರುವಾಗ ಹಗಲು ಹೇಗೆ ಜಾರುತ್ತದೆ ಎನ್ನುವುದು ಮುಖ್ಯ. ಆಗಸ್ಟ್ 15ಕ್ಕೆ ಹಗಲು 12 ಗಂಟೆ 33 ನಿಮಿಷ ಇರುತ್ತದೆ. ಸೆಪ್ಟೆಂಬರ್ 1ಕ್ಕೆ 12 ಗಂಟೆ 22 ನಿಮಿಷ, ಅಕ್ಟೋಬರ್ 1ಕ್ಕೆ 12 ಗಂಟೆ 1 ನಿಮಿಷ, ನವೆಂಬರ್ 1ಕ್ಕೆ 11 ಗಂಟೆ 41 ನಿಮಿಷ. ಅಂದರೆ ಸೆಪ್ಟೆಂಬರಿನಲ್ಲಿ ದಿನಕ್ಕೆ ಸುಮಾರು 40 ಸೆಕೆಂಡಿನಂತೆ ಕುಗ್ಗುತ್ತದೆ, ವಾರಕ್ಕೆ ಐದು ನಿಮಿಷವೂ ಇಲ್ಲ. ಇಷ್ಟು ಚಿಕ್ಕ ಬದಲಾವಣೆಯನ್ನು ಹಿಡಿದು ತೆನೆ ಹಾಕಬೇಕೆಂದರೆ ಗಿಡ ಬಹಳ ಸೂಕ್ಷ್ಮವಾಗಿರಬೇಕು.

ಅದು ಸೂಕ್ಷ್ಮವಾಗಿಯೇ ಇದೆ. ಇದಕ್ಕೆ ನನಗೆ ತುಂಬಾ ಇಷ್ಟವಾದ ಸಾಕ್ಷಿ ಮಲಯಾದ ಮಲಕ್ಕಾದ್ದು. ಅದು ಭೂಮಧ್ಯರೇಖೆಯಿಂದ ಬರೀ ಎರಡು ಡಿಗ್ರಿ ದೂರ. ಅಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ವ್ಯತ್ಯಾಸ ಸುಮಾರು 14 ನಿಮಿಷ ಅಷ್ಟೇ. ಅಲ್ಲಿ ಸಯಾಮ್ 29 ಎಂಬ ಭತ್ತದ ತಳಿಯನ್ನು ಬೇರೆ ಬೇರೆ ತಿಂಗಳಲ್ಲಿ ಬಿತ್ತಿ ನೋಡಿದ ಫಲಿತಾಂಶ 1959ರಲ್ಲಿ ಪ್ರಕಟವಾಯಿತು. ಸೆಪ್ಟೆಂಬರಿನಲ್ಲಿ ಬಿತ್ತಿದ ಪೈರು 161 ದಿನಕ್ಕೆ ಹೂ ಬಿಟ್ಟಿತು. ಜನವರಿಯಲ್ಲಿ ಬಿತ್ತಿದ್ದು ತಗೊಂಡದ್ದು 329 ದಿನ! ಎರಡೂ ಒಂದೇ ತಳಿ, ಒಂದೇ ಊರು, ಹಗಲಿನ ವ್ಯತ್ಯಾಸ ಹದಿನಾಲ್ಕೇ ನಿಮಿಷದೊಳಗೆ. ಅದಕ್ಕೆ ಹೋಲಿಸಿದರೆ ಬದಿಯಡ್ಕದ ಭತ್ತಕ್ಕೆ ಸಿಗುವ ಸೂಚನೆ ಆರು ಪಟ್ಟು ದೊಡ್ಡದು.

ಇನ್ನು ಗಿಡ ಇದನ್ನು ಅಳೆಯುವ ಬಗೆ. ಪಠ್ಯದಲ್ಲಿ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ತಂಬಾಕು, ಸೋಯಾ ಇಟ್ಟುಕೊಂಡು ಹಗಲಿನ ಅವಧಿಯ ಪಾತ್ರ ತೋರಿಸಿದ್ದನ್ನು ಓದಿರುತ್ತೀರಿ. ಆಮೇಲೆ 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಗಿಡ್ಡ ಹಗಲಿನ ಗಿಡ ನಿಜವಾಗಿ ಅಳೆಯುವುದು ಕತ್ತಲೆಯನ್ನು, ಅದೂ ನಡುವೆ ಎಲ್ಲೂ ಕಡಿಯದ ಕತ್ತಲೆಯನ್ನು ಎಂದು ತೋರಿಸಿದರು. ಉದ್ದ ರಾತ್ರಿಯ ನಡುವೆ ಸ್ವಲ್ಪ ಹೊತ್ತು ದೀಪ ಹಾಕಿದರೆ ಅಂಥ ಗಿಡಕ್ಕೆ ಆ ರಾತ್ರಿ ಲೆಕ್ಕಕ್ಕೇ ಸಿಗುವುದಿಲ್ಲ. ಹಗಲಿನ ನಡುವೆ ಕತ್ತಲೆ ಮಾಡಿದರೆ ಏನೂ ಆಗುವುದಿಲ್ಲ.

ಆದರೆ ಕತ್ತಲೆ ಅಳೆಯುತ್ತದೆ ಎಂದು ಬರೆದರೆ ಅರ್ಧ ಉತ್ತರ ಮಾತ್ರ. ಗಿಡದೊಳಗೆ 24 ಗಂಟೆಯ ಒಂದು ಆಂತರಿಕ ಗಡಿಯಾರ ಇದೆ. ಆ ಗಡಿಯಾರ ದಿನದ ಒಂದು ಹೊತ್ತಿನಲ್ಲಿ ಮಾತ್ರ ಕೆಲವು ಜೀನ್‌ಗಳನ್ನು ಬೆಳಕಿಗೆ ಸ್ಪಂದಿಸುವ ಸ್ಥಿತಿಗೆ ತರುತ್ತದೆ. ಆ ಹೊತ್ತಿನಲ್ಲಿ ನಿಜವಾಗಿ ಬೆಳಕು ಬಿತ್ತೋ ಇಲ್ಲವೋ ಎಂಬುದರ ಮೇಲೆ ಮುಂದಿನದ್ದು ನಿಂತಿದೆ. ಭತ್ತದಲ್ಲಿ ಈ ಕತೆ ಚೆನ್ನಾಗಿ ಬಿಡಿಸಿಕೊಂಡಿದೆ. ಜಿಎಚ್‌ಡಿ7 ಎಂಬ ಜೀನ್ ಹೂ ಬರುವುದನ್ನು ತಡೆಯುವಂಥದ್ದು. ಅದನ್ನು ಎಬ್ಬಿಸುವುದು ಕೆಂಪು ಬೆಳಕು, ಬೆಳಕನ್ನು ಗ್ರಹಿಸುವ ಫೈಟೋಕ್ರೋಮ್ ಎಂಬ ಪ್ರೋಟೀನಿನ ಮೂಲಕ. ಹಗಲು ಉದ್ದ ಇರುವ ದಿನಗಳಲ್ಲಿ ಈ ಜೀನ್ ಬೆಳಕಿಗೆ ತೆರೆದುಕೊಳ್ಳುವ ಹೊತ್ತು ಬೆಳಗ್ಗೆ ಬರುತ್ತದೆ. ಬೆಳಗಿನ ಬಿಸಿಲು ಬಿದ್ದ ಕೂಡಲೇ ಅದು ಎದ್ದು ಕೂರುತ್ತದೆ, ಹೂ ತಡೆಯುತ್ತದೆ. ಹಗಲು ಗಿಡ್ಡವಾದಂತೆ ಆ ಹೊತ್ತು ಹಿಂದೆ ಸರಿದು ನಡುರಾತ್ರಿಯ ಕಡೆ ಹೋಗುತ್ತದೆ. ನಡುರಾತ್ರಿ ಬೆಳಕು ಎಲ್ಲಿದೆ? ಹಾಗಾಗಿ ತಡೆ ಏಳುವುದಿಲ್ಲ. ತಡೆ ಇಲ್ಲದಾಗ ಇಎಚ್‌ಡಿ1 ಎಂಬ ಜೀನ್ ಕೆಲಸ ಶುರು ಮಾಡುತ್ತದೆ, ಅದು ಎಚ್‌ಡಿ3ಎ ಎಂಬ ಜೀನನ್ನು ಚಾಲೂ ಮಾಡುತ್ತದೆ.

ಎಚ್‌ಡಿ3ಎ ತಯಾರಿಸುವ ಪ್ರೋಟೀನೇ ಭತ್ತದ ಫ್ಲೋರಿಜೆನ್, ಅಂದರೆ ಹೂ ಬಿಡು ಎಂದು ಸುಳಿಗೆ ಹೇಳುವ ಸಂದೇಶವಾಹಕ. ಅದು ಎಲೆಯಲ್ಲಿ ಹುಟ್ಟಿ ಆಹಾರ ಸಾಗಿಸುವ ಫ್ಲೋಯಮ್ ನಾಳದಲ್ಲಿ ಹರಿದು ಸುಳಿಗೆ ಹೋಗುತ್ತದೆ. 1930ರ ದಶಕದಲ್ಲಿ ಸಸ್ಯವಿಜ್ಞಾನಿ ಚೈಲಖ್ಯಾನ್ ಇಂಥದ್ದೊಂದು ವಸ್ತು ಇರಲೇಬೇಕು ಎಂದಿದ್ದರು. ಭತ್ತದಲ್ಲಿ ಈ ಪ್ರೋಟೀನ್ ಎಲೆಯಿಂದ ಸುಳಿಗೆ ಹೋಗುವುದನ್ನು ತೋರಿಸಿದ್ದು 2007ರಲ್ಲಿ. ಭತ್ತ ಅರ್ಧ ಗಂಟೆಯ ಹಗಲಿನ ವ್ಯತ್ಯಾಸಕ್ಕೇ ಎಚ್‌ಡಿ3ಎಯನ್ನು ಚಾಲೂ ಅಥವಾ ಬಂದ್ ಮಾಡಬಲ್ಲದು ಎಂದು ಜಪಾನಿನ ತಂಡವೊಂದು 2010ರಲ್ಲಿ ತೋರಿಸಿತು. ಆಗಸ್ಟ್ 15ರಿಂದ ಅಕ್ಟೋಬರ್ 1ರ ನಡುವೆ ನಿಮ್ಮ ಗದ್ದೆಗೆ ಸಿಗುವ ಬದಲಾವಣೆ 32 ನಿಮಿಷ. ಸಾಕಲ್ಲ?

ಈಗ ನಿಮ್ಮ ಅಜ್ಜನ ತಳಿಗೆ ಬರೋಣ. ಭತ್ತದ ಆಯುಸ್ಸನ್ನು ನಾಲ್ಕು ತುಂಡು ಮಾಡಿ ನೋಡಬೇಕು. ಮೊಳಕೆ ಬಂದ ಮೇಲೆ ಮೊದಲ ಕೆಲವು ವಾರ ಗಿಡ ಎಳೆಯದು, ಹಗಲು ಎಷ್ಟೇ ಗಿಡ್ಡವಿದ್ದರೂ ಅದಕ್ಕೆ ತೆನೆ ಹಾಕುವ ಶಕ್ತಿ ಇಲ್ಲ. ಇದು ಮೂಲ ಬೆಳವಣಿಗೆಯ ಹಂತ. ಆಮೇಲೆ ಹಗಲಿಗೆ ಕಾಯುವ ಹಂತ. ಹಗಲು ಒಂದು ಮಿತಿಗಿಂತ ಕೆಳಗೆ ಇಳಿಯುವವರೆಗೆ ಗಿಡ ಎಲೆ ಹಾಕುತ್ತಾ, ತೆಂಡೆ ಹೊಡೆಯುತ್ತಾ ಕೂರುತ್ತದೆ. ಇಳಿದ ಮೇಲೆ ಸುಳಿಯೊಳಗೆ ತೆನೆ ಮೂಡುತ್ತದೆ. ಮೂಡಿದ ತೆನೆ ಬೆಳೆದು, ಹೊಡೆಯಾಗಿ, ಹೊರಬರಲು ಸುಮಾರು 35 ದಿನ. ಅಲ್ಲಿಂದ ಕಾಳು ಬಲಿತು ಕೊಯ್ಲಿಗೆ ಬರಲು ಇನ್ನೊಂದು 30 ದಿನ. ಕೊನೆಯ ಎರಡು ತುಂಡುಗಳು ಎಲ್ಲ ತಳಿಗಳಲ್ಲೂ ಹೆಚ್ಚುಕಡಿಮೆ ಅಷ್ಟೇ. ಮೊದಲನೆಯದು ತಳಿಯಿಂದ ತಳಿಗೆ ಬದಲಾಗುತ್ತದೆ. ಎರಡನೆಯದು ಮಾತ್ರ ಬಿತ್ತಿದ ತಾರೀಖಿನ ಜೊತೆ ಹಿಗ್ಗುತ್ತದೆ, ಕುಗ್ಗುತ್ತದೆ.

ಲೆಕ್ಕಕ್ಕೆ ಒಂದು ತಳಿಯನ್ನು ಊಹಿಸಿಕೊಳ್ಳಿ. ಅದರ ಎಳೆತನ 45 ದಿನ, ಮಿತಿಯ ಹಗಲು 12 ಗಂಟೆ 20 ನಿಮಿಷ ಎಂದಿಟ್ಟುಕೊಳ್ಳೋಣ. ನಿಮ್ಮೂರಿನಲ್ಲಿ ಹಗಲು ಈ ಮಿತಿಗೆ ಇಳಿಯುವುದು ಸೆಪ್ಟೆಂಬರ್ 4ರ ಸುಮಾರಿಗೆ. ಮತ್ತೆ ಮಿತಿ ದಾಟಿ ಮೇಲೇರುವುದು ಏಪ್ರಿಲ್ 8ರ ಸುಮಾರಿಗೆ.

ಜೂನ್ 1ಕ್ಕೆ ಬಿತ್ತಿದರೆ ಎಳೆತನ ಮುಗಿಯುವುದು ಜುಲೈ 16ಕ್ಕೆ. ಆದರೆ ಆಗ ಹಗಲು ಇನ್ನೂ ಉದ್ದ. ಪೈರು ಸೆಪ್ಟೆಂಬರ್ 4ರ ತನಕ, ಏಳು ವಾರ, ಸುಮ್ನೆ ಕಾಯುತ್ತದೆ. ಅಲ್ಲಿಂದ 35 ದಿನ, ಅಂದರೆ ಅಕ್ಟೋಬರ್ 9ಕ್ಕೆ ತೆನೆ. ಕೊಯ್ಲು ನವೆಂಬರ್ 8. ಒಟ್ಟು 160 ದಿನ.

ಜುಲೈ 1ಕ್ಕೆ ಬಿತ್ತಿದರೆ ಎಳೆತನ ಮುಗಿಯುವುದು ಆಗಸ್ಟ್ 15ಕ್ಕೆ. ಇಪ್ಪತ್ತು ದಿನ ಮಾತ್ರ ಕಾಯಬೇಕು. ಸೆಪ್ಟೆಂಬರ್ 4ಕ್ಕೇ ತೆನೆ ಮೂಡುತ್ತದೆ, ಅಕ್ಟೋಬರ್ 9ಕ್ಕೇ ಹೊರಬರುತ್ತದೆ. ಕೊಯ್ಲು ಅದೇ ನವೆಂಬರ್ 8, ಆದರೆ ಬೆಳೆ 130 ದಿನದ್ದು. ಬಿತ್ತನೆಯಲ್ಲಿ ಇದ್ದ ಒಂದು ತಿಂಗಳ ಅಂತರವನ್ನು ಕಾಯುವ ಹಂತ ಪೂರ್ತಿ ನುಂಗಿ ಹಾಕಿತು. ನೀವು ನೋಡುತ್ತಿರುವುದು ಇದನ್ನೇ.

ಆಗಸ್ಟ್ 1ಕ್ಕೆ ಬಿತ್ತಿದರೆ ಏನಾಗುತ್ತದೆ ನೋಡಿ. ಎಳೆತನ ಮುಗಿಯುವಾಗ ಸೆಪ್ಟೆಂಬರ್ 15 ಆಗಿರುತ್ತದೆ, ಹಗಲು ಆಗಲೇ ಮಿತಿಯ ಕೆಳಗಿದೆ. ಕಾಯುವ ಮಾತೇ ಇಲ್ಲ. ಅಕ್ಟೋಬರ್ 20ಕ್ಕೆ ತೆನೆ, ನವೆಂಬರ್ 19ಕ್ಕೆ ಕೊಯ್ಲು, 110 ದಿನ. ಪೈರು ಗಿಡ್ಡ, ತೆಂಡೆ ಕಮ್ಮಿ, ತೆನೆಯೂ ಸಣ್ಣದು. ಜೂನ್ ತಿಂಗಳದ್ದು ಇದಕ್ಕೆ ಉಲ್ಟಾ. ಕಾಯುತ್ತಾ ಕಾಯುತ್ತಾ ಎತ್ತರ ಬೆಳೆದು, ಮಳೆಗಾಲದ ಕೊನೆಯ ಗಾಳಿಗೆ ಅಡ್ಡ ಮಲಗುವ ಅಪಾಯ ಜಾಸ್ತಿ.

ಇನ್ನೊಂದು ತಾರೀಖು ಹಾಕಿ ನೋಡಿ, ಇದು ಪರೀಕ್ಷೆಯಲ್ಲಿ ಕೇಳಬೇಕಾದ ಪ್ರಶ್ನೆ. ಇದೇ ಬೀಜವನ್ನು ಕೊಳಕೆಗೆ ಅಂತ ಜನವರಿ 1ಕ್ಕೆ ಬಿತ್ತಿದರೆ ಫೆಬ್ರವರಿ 15ಕ್ಕೆ ಎಳೆತನ ಮುಗಿಯುತ್ತದೆ. ಹಗಲು ಗಿಡ್ಡವೇ ಇದೆ, ಮಾರ್ಚ್ 22ಕ್ಕೆ ತೆನೆ ಬಂದುಬಿಡುತ್ತದೆ. ಆದರೆ ಮಾರ್ಚ್ 1ಕ್ಕೆ ಬಿತ್ತಿದರೆ ಎಳೆತನ ಮುಗಿಯುವುದು ಏಪ್ರಿಲ್ 15ಕ್ಕೆ. ಅಷ್ಟರಲ್ಲಿ ಬಾಗಿಲು ಮುಚ್ಚಿ ಒಂದು ವಾರ ಆಗಿದೆ. ಆ ಪೈರು ಇಡೀ ಬೇಸಿಗೆ, ಇಡೀ ಮಳೆಗಾಲ ಹಸಿರಾಗಿಯೇ ನಿಂತು, ಜೂನ್ ತಿಂಗಳ ಪೈರಿನ ಜೊತೆಗೇ ಅಕ್ಟೋಬರ್ 9ಕ್ಕೆ ತೆನೆ ಹಾಕುತ್ತದೆ. 252 ದಿನದ ಬೆಳೆ! ಫೆಬ್ರವರಿ ಮಧ್ಯದಲ್ಲಿ ಬಿತ್ತಿದ್ದು ಇನ್ನೂ ಪೇಚಿನದು. ಎಳೆತನ ಮುಗಿದ ಮೇಲೆ ಅದಕ್ಕೆ ಸಿಗುವುದು ಒಂದೇ ವಾರದ ಗಿಡ್ಡ ಹಗಲು. ಒಂದೆರಡು ರಾತ್ರಿಗೆಲ್ಲ ಭತ್ತ ತೆನೆ ಮೂಡಿಸುವುದಿಲ್ಲ, ಸಾಲಾಗಿ ಹಲವು ದಿನ ಸೂಚನೆ ಸಿಗಬೇಕು. ಹಾಗಾಗಿ ಕೆಲವು ತೆಂಡೆಯಲ್ಲಿ ತೆನೆ, ಕೆಲವು ಬರೀ ಎಲೆ, ಒಂದೇ ಗದ್ದೆಯಲ್ಲಿ ಗೊಂದಲ.

ಇದರಲ್ಲಿ ಒಂದು ವಿಷಯ ಬೇಕೆಂದೇ ಸರಳ ಮಾಡಿದ್ದೇನೆ. ಸೂರ್ಯ ಮುಳುಗಿದ ಕೂಡಲೇ ಗಿಡಕ್ಕೆ ಕತ್ತಲೆಯಾಗುವುದಿಲ್ಲ. ಮುಸ್ಸಂಜೆಯ, ನಸುಕಿನ ಬೆಳಕನ್ನೂ ಅದು ಹಗಲಿಗೇ ಸೇರಿಸಿಕೊಳ್ಳುತ್ತದೆ. ಎರಡೂ ಹೊತ್ತು ಸೇರಿ ನಿಮ್ಮೂರಲ್ಲಿ ಇದು ಮುಕ್ಕಾಲು ಗಂಟೆಯ ಹತ್ತಿರ ಬರುತ್ತದೆ. ಅದಕ್ಕೇ ಒಂದು ಪ್ರಬಂಧದಲ್ಲಿ ಒಂದು ತಳಿಯ ಮಿತಿ 13 ಗಂಟೆ ಎಂದೂ ಇನ್ನೊಂದರಲ್ಲಿ ಅದೇ ತಳಿಗೆ 12 ಗಂಟೆ ಚಿಲ್ಲರೆ ಎಂದೂ ಇದ್ದರೆ ಗಾಬರಿ ಬೀಳಬೇಡಿ. ಮುಸ್ಸಂಜೆ ಸೇರಿಸಿದ್ದಾರೋ ಇಲ್ಲವೋ ನೋಡಿ. ಮಿತಿ 12 ಗಂಟೆಗಿಂತ ಮೇಲಿದ್ದರೆ ಅದು ಗಿಡ್ಡ ಹಗಲಿನ ಗಿಡ ಹೇಗಾಯಿತು ಎಂದೂ ಕೆಲವರು ಕೇಳುತ್ತಾರೆ. 12 ಗಂಟೆ ಎನ್ನುವುದಕ್ಕೆ ಇಲ್ಲಿ ಯಾವ ವಿಶೇಷವೂ ಇಲ್ಲ. ಮಿತಿಗಿಂತ ಹಗಲು ಕಮ್ಮಿಯಾದಾಗ ಹೂ ಬಿಟ್ಟರೆ ಅದು ಗಿಡ್ಡ ಹಗಲಿನ ಗಿಡ, ಮಿತಿ ಎಷ್ಟೇ ಇರಲಿ.

ಹಳಬರು ಈ ಗುಣವನ್ನು ಹೇಗೆ ಬಳಸಿದರು ಎನ್ನುವುದಕ್ಕೆ ಕೇರಳದ ಕೂಟ್ಟುಮುಂಡಗನ್ ಪದ್ಧತಿಗಿಂತ ಚೆಂದದ ಉದಾಹರಣೆ ನನಗೆ ಗೊತ್ತಿಲ್ಲ. ಹಗಲಿನ ಗೊಡವೆ ಇಲ್ಲದ ಒಂದು ಮೊದಲ ಬೆಳೆಯ ತಳಿ, ಹಗಲಿಗೆ ಕಾಯುವ ಒಂದು ಎರಡನೇ ಬೆಳೆಯ ತಳಿ, ಎರಡರ ಬೀಜವನ್ನೂ ಬೆರೆಸಿ ಏಪ್ರಿಲ್–ಮೇ ತಿಂಗಳಲ್ಲಿ ಒಟ್ಟಿಗೇ ಬಿತ್ತುತ್ತಾರೆ. ಮೊದಲನೆಯದು ದಿನ ಎಣಿಸಿ ಆಗಸ್ಟ್–ಸೆಪ್ಟೆಂಬರಿಗೆ ಕೊಯ್ಲಿಗೆ ಬರುತ್ತದೆ. ಕೊಯ್ಯುವಾಗ ಎರಡನೆಯದರ ಎಲೆ ತುದಿಯೂ ಕತ್ತರಿಸಿ ಹೋಗುತ್ತದೆ, ಆದರೆ ಅದರ ಸುಳಿಯಲ್ಲಿ ಇನ್ನೂ ತೆನೆ ಮೂಡಿಲ್ಲವಾದ್ದರಿಂದ ನಷ್ಟವಿಲ್ಲ. ಅದು ಮತ್ತೆ ಚಿಗುರಿ, ಹಗಲು ಕುಗ್ಗಿದ ಮೇಲೆ ತೆನೆ ಹಾಕಿ, ಡಿಸೆಂಬರ್–ಜನವರಿಗೆ ಕೊಯ್ಲಿಗೆ ಸಿದ್ಧ. ಒಂದು ಉಳುಮೆ, ಒಂದು ಬಿತ್ತನೆ, ಎರಡು ಬೆಳೆ.

ಈಗಿನ ತಳಿಗಳಲ್ಲಿ ಈ ಕಾಯುವ ಹಂತವನ್ನೇ ತೆಗೆದುಹಾಕಿದ್ದಾರೆ. 1966ರಲ್ಲಿ ಬಿಡುಗಡೆಯಾದ ಐಆರ್ 8ರಿಂದ ಶುರುವಾದ ಹಾದಿ ಇದು. ನಿಮ್ಮ ಕಡೆ ಎಲ್ಲರೂ ಬೆಳೆಯುವ ಜ್ಯೋತಿಯನ್ನು ಏಣೆಲಿಗೆ ಹಾಕಿ, ಸುಗ್ಗಿಗೆ ಹಾಕಿ, ನಾಲ್ಕು ತಿಂಗಳ ಆಸುಪಾಸಿನಲ್ಲಿ ಬಂದೇ ಬರುತ್ತದೆ. ಅನುಕೂಲವೇನೋ ಹೌದು. ಆದರೆ ಬೈಲಿನಲ್ಲಿ ನೀರು ಇಳಿಯುವ ಹೊತ್ತಿಗೆ ಸರಿಯಾಗಿ ತೆನೆ ಬರುವ ಹಳೇ ತಳಿಯ ಜಾಣತನ ಇದರಲ್ಲಿಲ್ಲ. ಮಳೆ ತಡವಾಗಿ ಬಿತ್ತನೆ ತಡವಾದರೆ ಇದರ ಕೊಯ್ಲೂ ಅಷ್ಟೇ ತಡ.

ನಿಮ್ಮ ತಳಿ ನಿಜಕ್ಕೂ ಹಗಲಿಗೇ ಕಾಯುತ್ತಿದೆಯೋ ಎಂದು ಖಾತ್ರಿ ಮಾಡಿಕೊಳ್ಳಬೇಕಲ್ಲ? ಎರಡು ಬಿತ್ತನೆ ಒಟ್ಟಿಗೆ ತೆನೆ ಹಾಕಿದ್ದು ಒಳ್ಳೆಯ ಸುಳಿವು, ಆದರೆ ಪುರಾವೆ ಅಲ್ಲ. ಜೂನ್ ತಿಂಗಳ ನೇಜಿ ಮಡಿಯಲ್ಲೇ ಜಾಸ್ತಿ ದಿನ ಉಳಿದು ಮುದಿಯಾಗಿದ್ದರೆ ಅದು ತಡವಾಗುತ್ತದೆ. ನಡುವೆ ನೀರು ಬತ್ತಿದರೂ ತೆನೆ ತಡವಾಗುತ್ತದೆ. ಹಾಗಾಗಿ ಬಕೆಟ್ಟಿನಲ್ಲಿ ಮಾಡಿ. ಮೇ 15ರಿಂದ ಆಗಸ್ಟ್ 15ರ ತನಕ ಹದಿನೈದು ದಿನಕ್ಕೊಮ್ಮೆ ಬಿತ್ತಿ, ನಾಟಿ ಮಾಡಬೇಡಿ, ನೀರು ಸದಾ ನಿಂತಿರಲಿ. ಪಕ್ಕದಲ್ಲಿ ಜ್ಯೋತಿಯದ್ದೂ ಅದೇ ತಾರೀಖುಗಳ ಬಕೆಟ್ ಇರಲಿ. ಪ್ರತಿ ಬಕೆಟ್ಟಿನಲ್ಲೂ ಅರ್ಧದಷ್ಟು ಗಿಡಗಳ ಮುಖ್ಯ ತೆಂಡೆಯಲ್ಲಿ ತೆನೆಯ ತುದಿ ಹೊರಬಂದ ದಿನ ಬರೆದಿಡಿ. ಬಿತ್ತಿದ ತಾರೀಖನ್ನು ಅಡ್ಡಕ್ಕೂ ತೆನೆ ಬಂದ ತಾರೀಖನ್ನು ಉದ್ದಕ್ಕೂ ಇಟ್ಟು ಗೆರೆ ಎಳೆಯಿರಿ. ಜ್ಯೋತಿಯ ಗೆರೆ ಓರೆಯಾಗಿ ಏರುತ್ತಾ ಹೋಗುತ್ತದೆ. ಅಜ್ಜನ ತಳಿಯದ್ದು ಮೊದಮೊದಲು ಚಪ್ಪಟೆಯಾಗಿದ್ದು, ಜುಲೈ ಕೊನೆಯ ಬಿತ್ತನೆಗಳಲ್ಲಿ ಎಲ್ಲೋ ಬಾಗಿ ಏರಲು ಶುರು ಮಾಡಬೇಕು. ಆ ಬಾಗುವ ಜಾಗವೇ ನಿಮಗೆ ಬೇಕಾದ್ದು. ಅಲ್ಲಿ ಬಿತ್ತಿದ ಗಿಡದ ಎಳೆತನ ಮುಗಿದ ದಿನವೂ ಹಗಲು ಮಿತಿಗೆ ಇಳಿದ ದಿನವೂ ಒಂದೇ. ತೆನೆ ಬಂದ ತಾರೀಖಿನಿಂದ 35 ದಿನ ಹಿಂದೆ ಹೋದರೆ ಮಿತಿಯ ಹಗಲು ಅಂದಾಜಿಗೆ ಸಿಗುತ್ತದೆ. ಆ ದಿನದಿಂದ ಬಿತ್ತಿದ ದಿನವನ್ನು ಕಳೆದರೆ ಎಳೆತನ ಸಿಗುತ್ತದೆ.

ಇನ್ನೂ ಸುಲಭದ ಸುಳಿವು ಬೇಕೆಂದರೆ ಗದ್ದೆ ಬದಿಯ ಬೀದಿದೀಪ ನೋಡಿ. ಹಗಲಿಗೆ ಕಾಯುವ ತಳಿಯಾದರೆ ಅಕ್ಟೋಬರಿನಲ್ಲಿ ಇಡೀ ಗದ್ದೆ ತೆನೆ ಹಾಕಿದಾಗ ದೀಪದ ಕೆಳಗೆ ಮಾತ್ರ ಅರ್ಧಚಂದ್ರದ ಹಾಗೆ ಹಸಿರು ಉಳಿದಿರುತ್ತದೆ. ಕಂಬದ ಹತ್ತಿರ ತೆನೆಯೇ ಇಲ್ಲ, ದೂರ ಹೋದಂತೆ ಒಂದೊಂದೇ ಹೊಡೆ, ಆಮೇಲೆ ಪೂರ್ತಿ ತೆನೆ. ರೋಗ ಅಥವಾ ಗೊಬ್ಬರದ ಏರುಪೇರಾದರೆ ಕಂಬವನ್ನೇ ನಡುವೆ ಇಟ್ಟುಕೊಂಡು ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ. ನಡುರಾತ್ರಿ ಹತ್ತು ನಿಮಿಷ ಬೆಳಕು ಕೊಟ್ಟರೇ ಭತ್ತದ ಎಚ್‌ಡಿ3ಎ ಅಡಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಬೀದಿದೀಪ ಇಡೀ ರಾತ್ರಿ ಉರಿಯುತ್ತದೆ.

ಇನ್ನು ಕ್ಯಾಬೇಜ್. ಇಲ್ಲಿ ನೀವು ಎರಡು ಕಡೆ ಎಡವಿದ್ದೀರಿ. ಒಣ ಬೀಜವನ್ನು ಫ್ರಿಜ್ಜಿನಲ್ಲಿಟ್ಟರೆ ಯಾವ ಬೆಳೆಯಲ್ಲೂ ವರ್ನಲೈಸೇಶನ್ ಆಗುವುದಿಲ್ಲ. ಚಳಿಯ ಕೆಲಸ ನಡೆಯುವುದು ಜೀವಂತವಾಗಿ ಉಸಿರಾಡುತ್ತಿರುವ, ವಿಭಜನೆಗೆ ತಯಾರಾದ ಜೀವಕೋಶಗಳಲ್ಲಿ. ಅದಕ್ಕೆ ನೀರೂ ಬೇಕು, ಆಮ್ಲಜನಕವೂ ಬೇಕು. ಗೋಧಿ, ರೈ ಬೀಜಗಳನ್ನು ನೆನೆಸಿ, ಮೊಳಕೆ ಆಗಷ್ಟೇ ಕಣ್ಣು ಬಿಡುವ ಹಾಗೆ ಮಾಡಿ, ಆಮೇಲೆ ಕೆಲವು ವಾರ ಚಳಿಯಲ್ಲಿ ಇಡುತ್ತಾರೆ. ಒಣ ಬೀಜಕ್ಕೆ ಫ್ರಿಜ್ ಅಂದರೆ ಗೋದಾಮು ಅಷ್ಟೇ.

ಎರಡನೆಯದು ಇನ್ನೂ ಮುಖ್ಯ. ನೀವು ಬೀಜ ನೆನೆಸಿಟ್ಟಿದ್ದರೂ ಕ್ಯಾಬೇಜ್ ಹೂ ಬಿಡುತ್ತಿರಲಿಲ್ಲ. ಗೋಧಿಯ ಹಾಗೆ ಬೀಜದ ಹಂತದಲ್ಲೇ ಚಳಿಯನ್ನು ಗ್ರಹಿಸುವ ಶಕ್ತಿ ಇದಕ್ಕಿಲ್ಲ. ಇದಕ್ಕೂ ಒಂದು ಎಳೆತನ ಇದೆ, ಭತ್ತದ ಹಾಗೆಯೇ. ಕಾಂಡ ಪೆನ್ಸಿಲಿನಷ್ಟು ದಪ್ಪವಾಗಿ ಎಂಟು ಹತ್ತು ಎಲೆ ಬಂದ ಮೇಲೆಯೇ ಅದು ಚಳಿಯನ್ನು ಲೆಕ್ಕಕ್ಕೆ ಹಿಡಿಯುವುದು. ಅದಕ್ಕಿಂತ ಎಳೆಯ ಸಸಿಯನ್ನು ಎಷ್ಟು ದಿನ ಚಳಿಯಲ್ಲಿಟ್ಟರೂ ವ್ಯರ್ಥ. ದಪ್ಪವಾದ ಮೇಲೆ 10 ಡಿಗ್ರಿಗಿಂತ ಕೆಳಗೆ, ಚೆನ್ನಾಗಿ ಆಗಬೇಕೆಂದರೆ 4ರಿಂದ 7 ಡಿಗ್ರಿಯಲ್ಲಿ, ಆರರಿಂದ ಎಂಟು ವಾರ ಬೇಕು. ತಳಿ ನೋಡಿಕೊಂಡು ಸ್ವಲ್ಪ ಹೆಚ್ಚುಕಮ್ಮಿ. ಕಾಸರಗೋಡಿನಲ್ಲಿ ಡಿಸೆಂಬರ್–ಜನವರಿಯ ರಾತ್ರಿಯಲ್ಲೂ ತಾಪಮಾನ 20 ಡಿಗ್ರಿಯ ಆಸುಪಾಸು. ಗಡ್ಡೆ ಕಟ್ಟಲು ಅದು ಹೇಗೋ ಸಾಕು, ಹೂವಿಗೆ ಸಾಲದು. ಗಡ್ಡೆ ಕೊಯ್ದು ಬುಡ ಬಿಟ್ಟು ನೋಡಿ. ಪಕ್ಕದ ಕಣ್ಣುಗಳಿಂದ ಪುಟ್ಟ ಪುಟ್ಟ ಗಡ್ಡೆಗಳು ಬರುತ್ತವೆ, ಹೂವಿನ ದಂಟು ಬರುವುದಿಲ್ಲ. ಚಳಿ ಬೇಡುವ ಇಂಥ ತಳಿಗಳ ಬೀಜವನ್ನು ಹಿಮಾಚಲದ ಕುಲ್ಲು ಕಣಿವೆಯಂಥ ಕಡೆ ತಯಾರಿಸುವುದು ಇದಕ್ಕೇ. ಹೂಕೋಸಿನಲ್ಲಿ ಬಯಲುಸೀಮೆಗೆ ಅಂತಲೇ ಆಯ್ದ ತಳಿಗಳಿವೆ, ಅವಕ್ಕೆ ಇಷ್ಟು ಚಳಿ ಬೇಡ. ಹಾಗಾಗಿ ಹೂಕೋಸು ನೋಡಿ ಕ್ಯಾಬೇಜ್ ಬಗ್ಗೆ ತೀರ್ಮಾನ ಮಾಡಬೇಡಿ.

ಚಳಿ ಮಾಡುವ ಕೆಲಸ ಏನು? ಅದು ಹೂ ತರುವುದಿಲ್ಲ, ತಡೆಯನ್ನು ಬಿಚ್ಚುತ್ತದೆ. ಕ್ಯಾಬೇಜ್ ಮತ್ತು ಅದರ ನೆಂಟ ಗಿಡಗಳಲ್ಲಿ ಎಫ್‌ಎಲ್‌ಸಿ ಎಂಬ ಜೀನ್, ಹೂ ತರುವ ಎಫ್‌ಟಿ ಎಂಬ ಜೀನನ್ನು ಅದುಮಿ ಹಿಡಿದಿರುತ್ತದೆ. ವಾರಗಟ್ಟಲೆ ಚಳಿ ಬಿದ್ದಾಗ ಎಫ್‌ಎಲ್‌ಸಿ ಇರುವ ಜಾಗದಲ್ಲಿ ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನಿಗೆ ಗುರುತು ಬೀಳುತ್ತದೆ, ಜೀನ್ ಮುಚ್ಚಿಹೋಗುತ್ತದೆ. ಕೋಶ ಒಡೆದು ಎರಡಾದರೂ ಆ ಗುರುತು ಮರಿಕೋಶಕ್ಕೆ ದಾಟುತ್ತದೆ. ಅದಕ್ಕೇ ಚಳಿ ಮುಗಿದು ಎಷ್ಟೋ ವಾರದ ಮೇಲೂ ಗಿಡಕ್ಕೆ ಅದರ ನೆನಪಿರುತ್ತದೆ. ಮುಂದಿನ ಬೀಜಕ್ಕೆ ಮಾತ್ರ ಹೋಗುವುದಿಲ್ಲ, ಅಲ್ಲಿ ಗುರುತು ಅಳಿದು ಹೊಸದಾಗಿ ಶುರುವಾಗುತ್ತದೆ. ಚಳಿಗಾಲದ ಗೋಧಿಯಲ್ಲಿ ಪಾತ್ರಧಾರಿಗಳು ಬೇರೆ. ಅಲ್ಲಿ ತಡೆಯುವುದು ವಿಆರ್‌ಎನ್2 ಎಂಬ ಜೀನ್. ಚಳಿಯಲ್ಲಿ ನಿಧಾನವಾಗಿ ಏಳುವ ವಿಆರ್‌ಎನ್1 ಅದನ್ನು ಕೂರಿಸುತ್ತದೆ, ಆಗ ವಿಆರ್‌ಎನ್3ಕ್ಕೆ ದಾರಿ ಸಿಗುತ್ತದೆ, ಅದೂ ಹಗಲು ಉದ್ದವಾದ ಮೇಲೆ.

ವಿಆರ್‌ಎನ್3, ಎಫ್‌ಟಿ, ನಿಮ್ಮ ಭತ್ತದ ಎಚ್‌ಡಿ3ಎ ಮೂರೂ ಒಂದೇ ಮನೆತನದ ಜೀನ್‌ಗಳು. ನಿಮ್ಮ ಎರಡು ಪ್ರಶ್ನೆ ಇಲ್ಲಿ ಕೂಡುತ್ತವೆ. ಹಗಲಾಗಲಿ ಚಳಿಯಾಗಲಿ ಕೊನೆಗೆ ಕೈ ಹಾಕುವುದು ಇದೇ ಫ್ಲೋರಿಜೆನ್ ಮೇಲೆ. ವ್ಯತ್ಯಾಸ ಇರುವುದು ಓದುವ ಅಂಗದಲ್ಲಿ. ಹಗಲನ್ನು ಎಲೆ ಓದಿ ಸುಳಿಗೆ ಸುದ್ದಿ ಕಳಿಸುತ್ತದೆ. ಚಳಿಯನ್ನು ಸುಳಿಯೇ ಅನುಭವಿಸಬೇಕು. ಸೆಲರಿ ಗಿಡದ ಸುಳಿಗೆ ಮಾತ್ರ ತಣ್ಣೀರು ಹರಿಯುವ ಕೊಳವೆ ಸುತ್ತಿ, ಉಳಿದ ಗಿಡವನ್ನು ಬೆಚ್ಚಗಿಟ್ಟಾಗಲೂ ಹೂ ಬಂತು. ಆದ್ದರಿಂದ ಎಲೆಗಳಿಗೆ ಐಸ್ ಇಟ್ಟು ಫಲವಿಲ್ಲ.

ಮತ್ತೆ ಪ್ರಯತ್ನಿಸುವುದಾದರೆ ಹೀಗೆ ಮಾಡಿ. ಆಗಸ್ಟಿನಲ್ಲಿ ಮಳೆ ಬೀಳದ ಜಾಗದಲ್ಲಿ ಸಣ್ಣ ಕುಂಡಗಳಲ್ಲಿ ಬೀಜ ಹಾಕಿ. ಅಕ್ಟೋಬರ್ ಹೊತ್ತಿಗೆ ಕಾಂಡ ಪೆನ್ಸಿಲ್ ದಪ್ಪ ಬಂದಿರಬೇಕು. ಆಮೇಲೆ ಕುಂಡ ಸಮೇತ ಚಳಿಗೆ ಇಡಿ. ಮನೆಯ ಫ್ರಿಜ್ಜಿನ ಕತ್ತಲೆಯಲ್ಲಿ ಎಂಟು ವಾರ ಇಟ್ಟರೆ ಎಲೆ ಹಳದಿಯಾಗಿ ಕೊಳೆಯುತ್ತದೆ. ತಂಪು ಪಾನೀಯ ಇಡುವ ಗಾಜಿನ ಬಾಗಿಲಿನ ಫ್ರಿಜ್, ಒಳಗೊಂದು ಎಲ್‌ಇಡಿ ದೀಪ ಇದ್ದರೆ ಒಳ್ಳೆಯದು. ಒಂದು ಥರ್ಮಾಮೀಟರ್ ಕುಂಡದ ಪಕ್ಕದಲ್ಲೇ ಇರಲಿ, ಡಯಲ್ ಮೇಲಿನ ಸಂಖ್ಯೆ ನಂಬಬೇಡಿ. ಹೋಲಿಕೆಗೆ ಎರಡು ಬಗೆಯ ಗಿಡ ಬೇಕು. ಅದೇ ವಯಸ್ಸಿನದ್ದು ಹೊರಗೆ ಇಟ್ಟದ್ದು ಒಂದು, ಮೂರ್ನಾಲ್ಕು ಎಲೆಯ ಎಳೆಯ ಸಸಿ ಅದೇ ಫ್ರಿಜ್ಜಿನಲ್ಲಿ ಇಟ್ಟದ್ದು ಇನ್ನೊಂದು. ದೊಡ್ಡ ಗಿಡ ಮಾತ್ರ ಹೂವಿನ ದಂಟು ಎಬ್ಬಿಸಿ, ಇವೆರಡೂ ಎಬ್ಬಿಸದಿದ್ದರೆ ನಿಮ್ಮ ಪ್ರಯೋಗ ಗೆದ್ದಂತೆ.

ಹೊರಗೆ ತೆಗೆಯುವ ಹೊತ್ತೂ ಮುಖ್ಯ. ಚಳಿಯಿಂದ ಬಂದ ಕೂಡಲೇ 30 ಡಿಗ್ರಿ ದಾಟಿದ ಬಿಸಿಲಿಗೆ ಸಿಕ್ಕರೆ, ಅದರಲ್ಲೂ ಚಳಿ ಅರೆಬರೆ ಸಿಕ್ಕ ಗಿಡದಲ್ಲಿ, ಆದ ಕೆಲಸ ಅಳಿಸಿಹೋಗಬಹುದು. ಇದಕ್ಕೆ ಡಿವರ್ನಲೈಸೇಶನ್ ಎನ್ನುತ್ತಾರೆ. ನಿಮ್ಮೂರಿನ ಮಧ್ಯಾಹ್ನ ಡಿಸೆಂಬರಿನಲ್ಲೂ 30 ದಾಟುತ್ತದೆ. ಆದ್ದರಿಂದ ಮೊದಲ ಒಂದು ವಾರ ಎಸಿ ಇರುವ ಲ್ಯಾಬಿನ ಕಿಟಕಿ ಬಳಿ, 20 ಡಿಗ್ರಿಯ ಹತ್ತಿರ ಇಟ್ಟು, ಆಮೇಲೆ ನೆರಳುಬಲೆಯ ಕೆಳಗೆ ಸರಿಸಿ. ಫ್ರಿಜ್ಜಿಗೆ ಇಡುವಾಗಲೇ ಯಾವುದಾದರೂ ಗಿಡ ಗಡ್ಡೆ ಕಟ್ಟಲು ಶುರು ಮಾಡಿದ್ದರೆ, ಹೊರಗೆ ತೆಗೆದ ಮೇಲೆ ಗಡ್ಡೆಯ ನೆತ್ತಿಗೆ ಚಾಕುವಿನಿಂದ ಅಡ್ಡ ಒಂದು, ಉದ್ದ ಒಂದು ಗೀರು ಹಾಕಿ, ಒಳಗಿನ ಸುಳಿಗೆ ತಾಗದ ಹಾಗೆ. ಬೀಜ ತೆಗೆಯುವವರು ಮಾಡುವುದು ಹಾಗೆಯೇ. ಇಲ್ಲದಿದ್ದರೆ ಬಿಗಿಯಾದ ಎಲೆಗಳ ನಡುವೆ ಹೂವಿನ ದಂಟು ಸಿಕ್ಕಿಹಾಕಿಕೊಂಡು ಒಳಗೇ ಕೊಳೆಯುತ್ತದೆ.